ಅಪರಿಚಿತರಿಗೆ ಬರೆದ ಮೊದಲ ಇಮೇಲ್: ಕರಡಿನಲ್ಲಿ ಹುಡುಕಬೇಕಾದ ದೋಷಗಳು

ಶಾಲೆಯಲ್ಲಿ ಕಲಿಸುವ ಅರ್ಜಿಗೂ ಪರಿಚಯವಿಲ್ಲದವರಿಗೆ ಕಳಿಸುವ ಮೊದಲ ಇಮೇಲ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿಯನ್ನು ಅಲ್ಲಿನವರು ತೆಗೆದುಕೊಳ್ಳಲೇಬೇಕು, ಮೊಹರು ಒತ್ತಿ ಕಡತಕ್ಕೆ ಸೇರಿಸಲೇಬೇಕು. ಇಮೇಲ್ ಪಡೆದವರಿಗೆ ಅಂಥ ಯಾವ ಕಟ್ಟುಪಾಡೂ ಇಲ್ಲ. ಅವರು ಅದನ್ನು ತೆರೆಯದೆಯೂ ಇರಬಹುದು, ತೆರೆದು ಎರಡನೆಯ ಸಾಲಿಗೇ ಮುಚ್ಚಲೂಬಹುದು. ಆದರೂ ಸಹಾಯ ಕೋರಿ, ಸಂದರ್ಶನ ಕೇಳಿ ಅಥವಾ ಜೊತೆಗೂಡಿ ಕೆಲಸ ಮಾಡಲು ಆಹ್ವಾನಿಸಿ ಕನ್ನಡದಲ್ಲಿ ಬರೆಯುವ ಇಮೇಲ್‌ಗಳಲ್ಲಿ ಹೆಚ್ಚಿನವು ಅರ್ಜಿಯ ಧಾಟಿಯಲ್ಲೇ ಇರುತ್ತವೆ. ‘ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ’ ಎಂಬ ಪೀಠಿಕೆ, ಹೊಗಳಿಕೆಯ ವಿಶೇಷಣಗಳು, ಕೊನೆಯಲ್ಲಿ ‘ಅಮೂಲ್ಯ ಸಹಕಾರ’ದ ನಿರೀಕ್ಷೆ. ಇಂಥ ಕರಡೊಂದನ್ನು ಕಳಿಸುವ ಮುನ್ನ ಬೇರೊಬ್ಬರ ಕೈಗೆ ಕೊಟ್ಟಾಗ ಅವರು ನೋಡಬೇಕಾದದ್ದು ಕಾಗುಣಿತಕ್ಕಿಂತ ಮೊದಲು ಮೂರು ವಿಷಯಗಳನ್ನು: ಹೇಳಿದ್ದು ತಿಳಿಯುತ್ತದೆಯೇ, ಅಳತೆ ಸರಿಯಿದೆಯೇ, ನಂಬುವಂತಿದೆಯೇ.

ಈ ಪರಿಶೀಲನೆ ಹೇಗೆ ನಡೆಯುತ್ತದೆ ಎಂಬುದನ್ನು ಕಲ್ಪಿತ ಉದಾಹರಣೆಯೊಂದರ ಮೂಲಕ ನೋಡಬಹುದು. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ ಸರ್ಕಾರಿ ಶಾಲೆಗಳಿಗೆ ಪುಸ್ತಕದ ಪೆಟ್ಟಿಗೆ ಒಯ್ಯುವ ಸಣ್ಣ ಟ್ರಸ್ಟ್ ಒಂದಿದೆ ಎಂದುಕೊಳ್ಳೋಣ. ನಂಜನಗೂಡಿನಲ್ಲಿ ಕಾರ್ಖಾನೆ ಇರುವ ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆ, ಅಂದರೆ ಸಿಎಸ್‌ಆರ್ ವಿಭಾಗಕ್ಕೆ ಅದು ಹೀಗೆ ಬರೆದಿದೆ:

> ವಿಷಯ: ಸಹಯೋಗಕ್ಕಾಗಿ ಮನವಿ
>
> ಮಾನ್ಯರೇ,
>
> ಶಿಕ್ಷಣವು ಸಮಾಜದ ಬೆನ್ನೆಲುಬು ಎಂಬುದು ತಮಗೆ ತಿಳಿದೇ ಇದೆ. ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ ಗ್ರಾಮೀಣ ಭಾಗದ ಮಕ್ಕಳು ಹಿಂದುಳಿಯುತ್ತಿರುವುದು ಅತ್ಯಂತ ಕಳವಳಕಾರಿ ಸಂಗತಿಯಾಗಿದೆ. ಈ ನಿಟ್ಟಿನಲ್ಲಿ ನಮ್ಮ ಸಂಸ್ಥೆಯು ಹಲವು ವರ್ಷಗಳಿಂದ ಗಡಿ ಭಾಗದ ಶಾಲೆಗಳಲ್ಲಿ ಸಮಗ್ರ ಕಲಿಕಾ ಬಲವರ್ಧನಾ ಕಾರ್ಯಕ್ರಮಗಳನ್ನು ಯಶಸ್ವಿಯಾಗಿ ನಡೆಸಿಕೊಂಡು ಬರುತ್ತಿದ್ದು, ಸಾವಿರಾರು ಮಕ್ಕಳು ಇದರ ಪ್ರಯೋಜನ ಪಡೆದಿದ್ದಾರೆ. ನಮ್ಮ ಕಾರ್ಯಕ್ರಮದಿಂದ ಮಕ್ಕಳ ಓದುವ ಸಾಮರ್ಥ್ಯ ಶೇ 60ರಷ್ಟು ಹೆಚ್ಚಿದ್ದು, ಹಲವು ಶಿಕ್ಷಣ ತಜ್ಞರ ಮೆಚ್ಚುಗೆಗೂ ಪಾತ್ರವಾಗಿದೆ. ಈ ಕಾರ್ಯಕ್ರಮವನ್ನು ಮತ್ತಷ್ಟು ಶಾಲೆಗಳಿಗೆ ವಿಸ್ತರಿಸುವ ಉದ್ದೇಶ ಹೊಂದಲಾಗಿದೆ. ತಮ್ಮಂತಹ ಪ್ರತಿಷ್ಠಿತ ಕಂಪನಿಯು ನಮ್ಮೊಂದಿಗೆ ಕೈಜೋಡಿಸಿದಲ್ಲಿ ಗ್ರಾಮೀಣ ಶಿಕ್ಷಣದಲ್ಲಿ ಮಹತ್ತರ ಬದಲಾವಣೆ ತರಲು ಸಾಧ್ಯವಾಗುತ್ತದೆ. ಹೆಚ್ಚಿನ ವಿವರಗಳಿಗೆ ಲಗತ್ತಿಸಿರುವ 42 ಪುಟಗಳ ವರದಿಯನ್ನು ಪರಿಶೀಲಿಸಿ, ತಮ್ಮ ಅಮೂಲ್ಯ ಸಹಕಾರ ನೀಡಬೇಕೆಂದು ವಿನಂತಿಸುತ್ತೇವೆ.

ಕರಡಿನಲ್ಲಿ ವ್ಯಾಕರಣದ ತಪ್ಪಿಲ್ಲ, ಅವಿನಯವೂ ಇಲ್ಲ. ಕಳಿಸುವವರಿಗೆ ಇದು ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಪ್ರತಿ ಪದದ ಹಿಂದಿರುವ ಕೆಲಸ ಅವರ ಕಣ್ಣ ಮುಂದಿದೆ. ‘ಸಮಗ್ರ ಕಲಿಕಾ ಬಲವರ್ಧನೆ’ ಎಂದು ಓದಿದೊಡನೆ ಅವರಿಗೆ ಜೀಪು, ಪೆಟ್ಟಿಗೆ, ಮಕ್ಕಳ ಸಾಲು ನೆನಪಾಗುತ್ತವೆ. ಕಂಪನಿಯ ಅಧಿಕಾರಿಗೆ ಆ ಪದಗಳಷ್ಟೇ ಕಾಣುತ್ತವೆ. ಈ ಎರಡು ಓದುಗಳ ನಡುವಿನ ಅಂತರವನ್ನು ತೋರಿಸಿಕೊಡುವುದು ಪರಿಶೀಲಕರ ಕೆಲಸ. ಅದಕ್ಕಾಗಿ ಮೊದಲ ಓದನ್ನು ಪೆನ್ನು ಹಿಡಿಯದೆ, ಮೊಬೈಲಿನ ಪರದೆಯಲ್ಲಿ, ಒಮ್ಮೆ ಮಾತ್ರ ಮಾಡಬೇಕು. ಬಳಿಕ ಅದನ್ನು ಮುಚ್ಚಿಟ್ಟು ನಾಲ್ಕು ಪ್ರಶ್ನೆಗಳಿಗೆ ನೆನಪಿನಿಂದ ಉತ್ತರ ಬರೆಯಬೇಕು: ಬರೆದವರು ಯಾರು, ಏನು ಮಾಡುತ್ತಾರೆ, ಏನು ಬೇಕು, ಓದಿದವರು ಮುಂದೆ ಏನು ಮಾಡಬೇಕು? ಈ ಕರಡಿಗೆ ಸಿಗುವ ಉತ್ತರಗಳು ‘ಒಂದು ಸಂಸ್ಥೆ’, ‘ಶಿಕ್ಷಣಕ್ಕೆ ಸಂಬಂಧಿಸಿದ್ದೇನೋ’, ‘ಸಹಕಾರ’, ‘ವರದಿ ಓದಬೇಕು’ ಎಂಬಷ್ಟೇ. ನಾಲ್ಕರಲ್ಲಿ ಒಂದಕ್ಕೂ ಖಚಿತ ಉತ್ತರವಿಲ್ಲ. ಹೀಗೆ ಬರೆದಿಟ್ಟ ಉತ್ತರಗಳನ್ನೇ ಕರಡಿನ ಲೇಖಕರಿಗೆ ತೋರಿಸುವುದು ಯಾವ ಟೀಕೆಗಿಂತಲೂ ಪರಿಣಾಮಕಾರಿ. ‘ಇನ್ನೂ ಸ್ಪಷ್ಟವಾಗಿರಲಿ’ ಎಂದರೆ ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ. ‘ನನಗೆ ಅರ್ಥವಾದದ್ದು ಇಷ್ಟು’ ಎಂದರೆ ಯಾವುದು ಬಿಟ್ಟುಹೋಗಿದೆ ಎಂಬುದು ತಾನಾಗಿ ಕಾಣುತ್ತದೆ.

ಸ್ಪಷ್ಟತೆಯ ದೋಷಗಳಲ್ಲಿ ದೊಡ್ಡದು ಕೋರಿಕೆಯದು. ‘ಸಹಯೋಗ’, ‘ಕೈಜೋಡಿಸಿದಲ್ಲಿ’, ‘ಸಹಕಾರ’ ಎಂದು ಮೂರು ಬಾರಿ ಕೇಳಿದ್ದರೂ ಬೇಕಿರುವುದು ಹಣವೋ ಪುಸ್ತಕವೋ ವಾಹನವೋ ಸ್ವಯಂಸೇವಕರೋ ಎಂಬುದನ್ನು ಎಲ್ಲೂ ಹೇಳಿಲ್ಲ. ಮೊತ್ತವಿದೆ, ಆದರೆ ಅದಿರುವುದು ವರದಿಯ ಮೂವತ್ತೊಂದನೆಯ ಪುಟದಲ್ಲಿ: ಇನ್ನೂ ಆರು ಶಾಲೆಗಳಿಗೆ ಹತ್ತು ತಿಂಗಳಿಗೆ 6 ಲಕ್ಷ ರೂಪಾಯಿ. ಮೊದಲ ಇಮೇಲ್‌ನಲ್ಲೇ ಹಣದ ಮಾತು ಬೇಡ ಎಂಬ ಸಂಕೋಚ ನಮ್ಮಲ್ಲಿ ಸಹಜವೇ. ಆದರೆ ಇಲ್ಲಿ ಆ ಸಂಕೋಚ ಓದುವವರಿಗೆ ತೊಂದರೆ ಮಾಡುತ್ತದೆ. ಸಿಎಸ್‌ಆರ್ ಅಧಿಕಾರಿ ತಾವೊಬ್ಬರೇ ಹಣ ಮಂಜೂರು ಮಾಡುವವರಲ್ಲ. ವಿಷಯವನ್ನು ಮೇಲಿನವರಿಗೆ ಒಯ್ಯಬೇಕು, ಕೊನೆಗೆ ಅದು ಸಮಿತಿ ಅಥವಾ ನಿರ್ದೇಶಕ ಮಂಡಳಿಯ ಮುಂದೆ ಹೋಗಬೇಕು. ಇಮೇಲ್‌ ಅನ್ನು ಅವರು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದಾಗ ಬೇರೆ ವಿವರಣೆ ಬೇಕಾಗಬಾರದು. ಮೊತ್ತ, ಅವಧಿ, ಜಾಗ ಮೂರೂ ಇಲ್ಲದ ಇಮೇಲ್‌ ಅನ್ನು ಫಾರ್ವರ್ಡ್ ಮಾಡಲಾಗುವುದಿಲ್ಲ, ಆದ್ದರಿಂದ ಅದು ಅಲ್ಲೇ ಉಳಿಯುತ್ತದೆ.

ಮೊತ್ತವನ್ನು ಹೇಳುವುದು ಬೇರೆ, ಅದನ್ನು ಕೂಡಲೇ ಕೊಡಿ ಎನ್ನುವುದು ಬೇರೆ. ಮೊದಲ ಇಮೇಲ್‌ನಲ್ಲಿ ಕೇಳಬೇಕಾದದ್ದು ಓದಿದವರು ತಾವೇ ತೀರ್ಮಾನಿಸಬಹುದಾದ ಸಣ್ಣ ಹೆಜ್ಜೆಯೊಂದನ್ನು: ಇಪ್ಪತ್ತು ನಿಮಿಷದ ಫೋನ್ ಮಾತುಕತೆ, ಅಥವಾ ಶಾಲೆಯೊಂದಕ್ಕೆ ಭೇಟಿ. ಕರಡು ಒಟ್ಟು ಉದ್ದೇಶವನ್ನು ಬಚ್ಚಿಟ್ಟು ದೊಡ್ಡ ಹೆಜ್ಜೆಯನ್ನು ಕೇಳುತ್ತಿದೆ. ತಿದ್ದುಪಡಿಯಲ್ಲಿ ಇದು ತಿರುವುಮುರುವಾಗಬೇಕು.

ಇನ್ನೊಂದು ಮಬ್ಬು ಕಾರ್ಯಕ್ರಮದ ವರ್ಣನೆಯಲ್ಲಿದೆ. ‘ಸಮಗ್ರ ಕಲಿಕಾ ಬಲವರ್ಧನಾ ಕಾರ್ಯಕ್ರಮ’ ಎಂಬುದು ಟ್ಯೂಷನ್ ಆಗಿರಬಹುದು, ಶಿಕ್ಷಕರ ತರಬೇತಿ ಆಗಿರಬಹುದು, ಟ್ಯಾಬ್ಲೆಟ್ ಹಂಚಿಕೆಯೂ ಆಗಿರಬಹುದು. ಪರಿಶೀಲಕರು ಅಂಚಿನಲ್ಲಿ ಬರೆಯಬೇಕಾದ ಪ್ರಶ್ನೆ ಸರಳ: ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಆ ಶಾಲೆಗೆ ಹೋದರೆ ಏನು ಕಾಣುತ್ತದೆ? ಈ ಪ್ರಶ್ನೆಗೆ ಟ್ರಸ್ಟ್‌ನವರು ತಡವರಿಸದೆ ಉತ್ತರಿಸುತ್ತಾರೆ: ವಾರಕ್ಕೊಮ್ಮೆ ಪುಸ್ತಕದ ಪೆಟ್ಟಿಗೆ ಬರುತ್ತದೆ, ಪ್ರತಿ ಮಗು ಒಂದು ಪುಸ್ತಕ ಮನೆಗೆ ಒಯ್ಯುತ್ತದೆ, ಟ್ರಸ್ಟ್‌ನ ಕಾರ್ಯಕರ್ತೆ ಅರ್ಧ ಗಂಟೆ ಕಥೆ ಓದಿ ಹೇಳುತ್ತಾರೆ. ಆ ಉತ್ತರವೇ ಇಮೇಲ್‌ಗೆ ಬೇಕಾದ ವಾಕ್ಯ. ಹಾಗೆಯೇ ‘ಉದ್ದೇಶ ಹೊಂದಲಾಗಿದೆ’ ಎಂಬಲ್ಲಿ ಕಚೇರಿ ಕನ್ನಡದ ಕರ್ಮಣಿ ಪ್ರಯೋಗ ಕರ್ತೃವನ್ನೇ ಮರೆಮಾಡಿದೆ. ಯಾರು ಉದ್ದೇಶಿಸಿದ್ದಾರೆ, ಯಾವಾಗ, ಎಷ್ಟು ಶಾಲೆ? ಕರಡಿನಲ್ಲಿ ‘-ಲಾಗಿದೆ’, ‘-ಲಾಗುವುದು’ ಕಂಡ ಕಡೆಯೆಲ್ಲ ಗೆರೆ ಎಳೆದರೆ ಹೇಳದೆ ಬಿಟ್ಟ ಸಂಗತಿ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ವಿಷಯದ ಸಾಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಸಹಯೋಗಕ್ಕಾಗಿ ಮನವಿ’ ಎಂಬುದು ಆ ವಿಭಾಗಕ್ಕೆ ಬರುವ ಯಾವ ಇಮೇಲ್‌ಗಾದರೂ ಒಪ್ಪುತ್ತದೆ. ತಿಂಗಳ ನಂತರ ಹುಡುಕಿದರೂ ಸಿಗುವುದಿಲ್ಲ. ಮೊಬೈಲಿನಲ್ಲಿ ವಿಷಯದ ಸಾಲಿನ ಬಾಲ ಕತ್ತರಿಸಿಹೋಗುತ್ತದೆ, ಆದ್ದರಿಂದ ಊರು ಮತ್ತು ಕೆಲಸ ಮೊದಲ ಕೆಲವು ಪದಗಳಲ್ಲೇ ಇರಬೇಕು. ವಿಷಯದ ಕೆಳಗೆ ಇಮೇಲ್‌ನ ಮೊದಲ ಸಾಲೂ ಇಣುಕುವುದರಿಂದ, ‘ಶಿಕ್ಷಣವು ಸಮಾಜದ ಬೆನ್ನೆಲುಬು’ ಎಂಬ ವಾಕ್ಯ ಬೆಲೆಬಾಳುವ ಜಾಗವನ್ನು ಆಕ್ರಮಿಸಿಕೊಂಡಿದೆ.

ಉದ್ದದ ಪ್ರಶ್ನೆ ಇಲ್ಲಿ ಸ್ವಲ್ಪ ಅಚ್ಚರಿ ಹುಟ್ಟಿಸುತ್ತದೆ. ಈ ಕರಡಿನಲ್ಲಿರುವುದು ಏಳು ವಾಕ್ಯ, ಎಂಬತ್ತರ ಆಸುಪಾಸಿನ ಪದಗಳು. ಎಣಿಕೆಯಲ್ಲಿ ಇದು ಉದ್ದವಲ್ಲ. ಆದರೂ ಓದುವಾಗ ಎಳೆದಂತಾಗುತ್ತದೆ. ಕಾರಣವನ್ನು ಕಂಡುಕೊಳ್ಳಲು ಒಂದೊಂದು ವಾಕ್ಯವನ್ನೂ ಬೆರಳಿನಿಂದ ಮುಚ್ಚಿ, ಅದಿಲ್ಲದಿದ್ದರೆ ಅಧಿಕಾರಿಯ ತೀರ್ಮಾನ ಬದಲಾಗುತ್ತಿತ್ತೇ ಎಂದು ಕೇಳಬೇಕು. ಮೊದಲ ಎರಡು ವಾಕ್ಯಗಳನ್ನು ಮುಚ್ಚಿದರೆ ಏನೂ ಕಳೆದುಹೋಗುವುದಿಲ್ಲ, ಶಿಕ್ಷಣದ ಮಹತ್ವ ಆ ಅಧಿಕಾರಿಗೆ ಹೊಸ ಸುದ್ದಿಯಲ್ಲ. ಆರನೆಯದೂ ಹೋಗಬಹುದು. ಉಳಿದ ನಾಲ್ಕರಲ್ಲಿ ವಿಷಯ ಇರಬೇಕಿತ್ತು, ಆದರೆ ಅಲ್ಲಿ ಮಬ್ಬು ಪದಗಳಿವೆ. ಅಂದರೆ ಈ ಕರಡಿನ ಕಷ್ಟ ಪದಗಳು ಹೆಚ್ಚಾದದ್ದಲ್ಲ, ಪದಕ್ಕೆ ಸಿಗುವ ಮಾಹಿತಿ ಕಡಿಮೆಯಾದದ್ದು. ‘ಚಿಕ್ಕದು ಮಾಡಿ’ ಎಂದಷ್ಟೇ ಹೇಳಿದರೆ ಲೇಖಕರು ಸಾಮಾನ್ಯವಾಗಿ ಕತ್ತರಿಸುವುದು ಅಂಕಿ ಮತ್ತು ಊರಿನ ಹೆಸರುಗಳನ್ನು, ಉಳಿಸಿಕೊಳ್ಳುವುದು ಪೀಠಿಕೆ ಮತ್ತು ಗೌರವದ ಮಾತುಗಳನ್ನು. ಹಾಗಾಗಿ ಎಷ್ಟು ಪದ ಎನ್ನುವುದಕ್ಕಿಂತ ಯಾವ ವಾಕ್ಯ ಎಂದು ಗುರುತು ಹಾಕಿಕೊಡುವುದು ಮುಖ್ಯ.

ನಿಜವಾದ ಉದ್ದ ಅಡಗಿರುವುದು ಲಗತ್ತಿನಲ್ಲಿ. ನಲವತ್ತೆರಡು ಪುಟಗಳನ್ನು ‘ಪರಿಶೀಲಿಸಿ’ ಎಂದರೆ ಬರೆದವರು ಮಾಡಬೇಕಾದ ಆಯ್ಕೆಯ ಕೆಲಸವನ್ನು ಓದುವವರ ಮೇಲೆ ಹೊರಿಸಿದಂತೆ. ಮೊದಲ ಇಮೇಲ್‌ಗೆ ಎರಡು ಪುಟದ ಪ್ರಸ್ತಾವನೆ ಸಾಕು: ಒಂದರಲ್ಲಿ ಕೆಲಸ ಮತ್ತು ಶಾಲೆಗಳ ಪಟ್ಟಿ, ಇನ್ನೊಂದರಲ್ಲಿ ಖರ್ಚಿನ ವಿವರ. ಈ ಉದಾಹರಣೆಯ 6 ಲಕ್ಷ ಹೀಗೆ ಬಿಡಿಸಿಕೊಳ್ಳುತ್ತದೆ: ಆರು ಶಾಲೆಗೆ ತಲಾ 400 ಪುಸ್ತಕ, ಸರಾಸರಿ 75 ರೂಪಾಯಿಯಂತೆ 1.8 ಲಕ್ಷ. ಇಬ್ಬರು ಕಾರ್ಯಕರ್ತೆಯರಿಗೆ ತಿಂಗಳಿಗೆ 15,000ದಂತೆ ಹತ್ತು ತಿಂಗಳಿಗೆ 3 ಲಕ್ಷ. ವಾಹನಕ್ಕೆ ತಿಂಗಳಿಗೆ 12,000ದಂತೆ 1.2 ಲಕ್ಷ. ಲೆಕ್ಕ ಕೂಡುತ್ತದೆಯೇ ಎಂದು ಪರಿಶೀಲಕರು ಒಮ್ಮೆ ಕೂಡಿಸಿ ನೋಡಲೇಬೇಕು. ಕೂಡದ ಲೆಕ್ಕವೊಂದು ಇಡೀ ಇಮೇಲ್‌ನ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ.

ನಂಬಿಕೆಯ ಭಾಗ ಈ ಪರಿಶೀಲನೆಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮ, ಏಕೆಂದರೆ ಇಲ್ಲಿ ಪ್ರಾಮಾಣಿಕರ ಕರಡೂ ಅಪ್ರಾಮಾಣಿಕವಾಗಿ ಕಾಣಬಹುದು. ನಿಜವಾಗಿ ಕೆಲಸ ಮಾಡುವವರೂ ಹೆಸರಿಗಷ್ಟೇ ಇರುವ ಸಂಸ್ಥೆಯವರೂ ‘ಯಶಸ್ವಿಯಾಗಿ’, ‘ಸಾವಿರಾರು’, ‘ಹಲವು ವರ್ಷ’ ಎಂಬ ಅದೇ ಪದಗಳನ್ನು ಬಳಸುತ್ತಾರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಇದು ನಿಜವೇ’ ಎಂದಲ್ಲ, ‘ಇದನ್ನು ಓದಿದವರು ಫೋನೆತ್ತಿ ಅಥವಾ ಕಾಗದ ನೋಡಿ ಪರೀಕ್ಷಿಸಬಹುದೇ’ ಎಂದು. ‘ಹಲವು ಶಿಕ್ಷಣ ತಜ್ಞರ ಮೆಚ್ಚುಗೆ’ಯನ್ನು ಪರೀಕ್ಷಿಸಲಾಗದು. ಕ್ಷೇತ್ರ ಶಿಕ್ಷಣಾಧಿಕಾರಿಯವರ ಅನುಮತಿ ಪತ್ರವನ್ನು ಪರೀಕ್ಷಿಸಬಹುದು. ‘ಗಡಿ ಭಾಗದ ಶಾಲೆಗಳು’ ಎಲ್ಲಿವೆಯೋ ತಿಳಿಯದು. ಶಾಲೆಯ ಹೆಸರಿನ ಜೊತೆ ಹನ್ನೊಂದು ಅಂಕಿಗಳ ಯುಡೈಸ್ ಸಂಖ್ಯೆ ಇದ್ದರೆ ಯಾರು ಬೇಕಾದರೂ ಹುಡುಕಬಹುದು.

ಕಂಪನಿಯ ಕಡೆಯಿಂದ ನೋಡಿದಾಗ ಈ ಮಬ್ಬು ಪದಗಳ ನಷ್ಟ ಇನ್ನೂ ಸ್ಪಷ್ಟವಾಗುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು. ಈ ಹಣವನ್ನು ಹೊರಗಿನ ಟ್ರಸ್ಟ್ ಒಂದರ ಮೂಲಕ ವೆಚ್ಚ ಮಾಡುವುದಾದರೆ, ಆ ಟ್ರಸ್ಟ್ ಅಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಹೊಂದಿರಬೇಕು. ಆದಾಯ ತೆರಿಗೆಯ 12ಎ ಮತ್ತು 80ಜಿ ಎಂದು ಕರೆಯಲಾಗುವ ನೋಂದಣಿಗಳು ಬೇಕು. 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ನಮೂನೆ ಸಲ್ಲಿಸಿ ಪಡೆದ ನೋಂದಣಿ ಸಂಖ್ಯೆಯೂ ಕಡ್ಡಾಯ. ಜೊತೆಗೆ, ಕಂಪನಿ ಕೆಲಸ ಮಾಡುವ ಪ್ರದೇಶ ಮತ್ತು ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ.

ಈಗ ಕರಡಿಗೆ ಮರಳಿದರೆ, ಅಧಿಕಾರಿ ಮೊದಲು ಹುಡುಕುವ ಸಂಗತಿಗಳನ್ನೇ ಅದು ಮಸುಕು ಮಾಡಿರುವುದು ಕಾಣುತ್ತದೆ. ‘ಹಲವು ವರ್ಷ’ ಎಂದರೆ ಎರಡೂ ಇರಬಹುದು, ಐದೂ ಇರಬಹುದು. ಟ್ರಸ್ಟ್‌ನದು ಐದು ವರ್ಷದ ಕೆಲಸ, ಅಂದರೆ ನಿಯಮದ ಮಿತಿಯನ್ನು ನಿರಾಯಾಸವಾಗಿ ದಾಟುತ್ತದೆ, ಆದರೆ ಆ ಅಂಕಿ ಎಲ್ಲೂ ಇಲ್ಲ. ‘ಗಡಿ ಭಾಗ’ ಎಂಬ ಪದ ಹನೂರು ನಂಜನಗೂಡಿನ ನೆರೆಯ ಜಿಲ್ಲೆಯಲ್ಲಿದೆ ಎಂಬ ಅನುಕೂಲವನ್ನು ಮುಚ್ಚಿಹಾಕಿದೆ. ನೋಂದಣಿಗಳ ಪ್ರಸ್ತಾಪವೇ ಇಲ್ಲ. ಈ ನೋಂದಣಿಗಳಿಗೆ ಈಗ ಅವಧಿಯ ಮಿತಿ ಇರುವುದರಿಂದ, ಅವು ಚಾಲ್ತಿಯಲ್ಲಿವೆಯೇ ಎಂದೂ ಪರಿಶೀಲಕರು ಕೇಳಬೇಕು. ‘ಪ್ರತಿಷ್ಠಿತ ಕಂಪನಿ’ ಎಂಬ ಹೊಗಳಿಕೆ ಬೇರೆಯದೇ ಸಂದೇಹ ಹುಟ್ಟಿಸುತ್ತದೆ: ಇದೇ ಇಮೇಲ್‌ ಐವತ್ತು ಕಂಪನಿಗಳಿಗೆ ಹೋಗಿದೆ ಎಂದು. ಕಂಪನಿಗಳು ತಮ್ಮ ಸಿಎಸ್‌ಆರ್ ನೀತಿಯನ್ನೂ ಒಪ್ಪಿಕೊಂಡ ಯೋಜನೆಗಳನ್ನೂ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವಿದೆ. ಅದನ್ನು ಓದಿ ಬರೆದ ಒಂದು ನಿರ್ದಿಷ್ಟ ವಾಕ್ಯ ಆ ಸಂದೇಹವನ್ನು ಅಳಿಸುತ್ತದೆ.

ಎಲ್ಲಕ್ಕಿಂತ ಅಪಾಯದ ಜಾಗ ‘ಶೇ 60ರಷ್ಟು ಹೆಚ್ಚಿದ್ದು’ ಎಂಬುದು. ಪರಿಶೀಲಕರು ಮೂಲ ಲೆಕ್ಕ ಕೇಳಿದಾಗ ಸಿಗುವುದು ಇದು: ನಾಲ್ಕನೇ ತರಗತಿಯ 96 ಮಕ್ಕಳಿಗೆ ಎರಡನೇ ತರಗತಿ ಮಟ್ಟದ ಪಾಠವೊಂದನ್ನು ಓದಲು ಕೊಡಲಾಗಿತ್ತು. ಜೂನ್‌ನಲ್ಲಿ ಸರಾಗವಾಗಿ ಓದಿದವರು 31, ಫೆಬ್ರುವರಿಯಲ್ಲಿ 58. ಅಂದರೆ ಓದಬಲ್ಲವರ ಪ್ರಮಾಣ ಸುಮಾರು ಶೇ 32ರಿಂದ ಶೇ 60ಕ್ಕೆ ಏರಿದೆ. ‘ಶೇ 60ಕ್ಕೆ’ ಎಂಬುದು ‘ಶೇ 60ರಷ್ಟು’ ಆದದ್ದು ಒಂದು ಪ್ರತ್ಯಯದ ವ್ಯತ್ಯಾಸ. ಮೋಸದ ಉದ್ದೇಶವಿಲ್ಲ, ಆದರೆ ವಾಕ್ಯ ಸುಳ್ಳಾಯಿತು. ವರದಿ ತೆರೆದು ನೋಡಿದ ಅಧಿಕಾರಿ ಇದನ್ನು ಕಂಡುಹಿಡಿದರೆ ಉಳಿದ ಅಂಕಿಗಳನ್ನೂ ನಂಬುವುದಿಲ್ಲ. ಅದರಾಚೆಗೂ ಒಂದು ಮಿತಿಯಿದೆ. ಎಂಟು ತಿಂಗಳಲ್ಲಿ ಮಕ್ಕಳು ಶಾಲೆಯ ಪಾಠದಿಂದಲೂ ಓದು ಕಲಿಯುತ್ತಾರೆ. ಪುಸ್ತಕದ ಪೆಟ್ಟಿಗೆ ಹೋಗದ ಶಾಲೆಗಳೊಂದಿಗೆ ಹೋಲಿಸದೆ ಇಡೀ ಏರಿಕೆ ‘ನಮ್ಮ ಕಾರ್ಯಕ್ರಮದಿಂದ’ ಎನ್ನಲಾಗದು. ‘31 ಮಕ್ಕಳು ಓದುತ್ತಿದ್ದರು, ಈಗ 58’ ಎಂದಷ್ಟೇ ಹೇಳಿದರೆ ಅಂಕಿ ಸಣ್ಣದಾಗಿ ಕಾಣುತ್ತದೆ, ಆದರೆ ಪ್ರಶ್ನೆಗಳಿಗೆ ತಡೆದು ನಿಲ್ಲುತ್ತದೆ. ‘ಸಾವಿರಾರು’ ಎಂಬಲ್ಲಿಯೂ ಅಷ್ಟೇ. ಒಂದೇ ಮಗುವನ್ನು ಐದು ವರ್ಷ ಐದು ಬಾರಿ ಎಣಿಸಲಾಗಿದೆಯೇ ಎಂದು ಕೇಳಿ, ಈ ವರ್ಷ ಪುಸ್ತಕ ಪಡೆಯುತ್ತಿರುವ 1,120 ಮಕ್ಕಳು ಎಂದು ಬರೆಸುವುದು ಸರಿ.

ಈ ಗುರುತುಗಳನ್ನೆಲ್ಲ ಕಂಡ ಲೇಖಕರು ತಾವೇ ತಿದ್ದಿದ ಕರಡು ಹೀಗಿರಬಹುದು:

> ವಿಷಯ: ಹನೂರಿನ 6 ಸರ್ಕಾರಿ ಶಾಲೆಗಳಿಗೆ ಪುಸ್ತಕದ ಪೆಟ್ಟಿಗೆ, ₹6 ಲಕ್ಷದ ಪ್ರಸ್ತಾವನೆ
>
> ನಮಸ್ಕಾರ.
>
> ಹನೂರು ತಾಲ್ಲೂಕಿನ 14 ಸರ್ಕಾರಿ ಶಾಲೆಗಳಿಗೆ ನಮ್ಮ ಟ್ರಸ್ಟ್ ಐದು ವರ್ಷಗಳಿಂದ ವಾರಕ್ಕೊಮ್ಮೆ ಪುಸ್ತಕದ ಪೆಟ್ಟಿಗೆ ಒಯ್ಯುತ್ತಿದೆ. ಪ್ರತಿ ಮಗು ಒಂದು ಪುಸ್ತಕ ಮನೆಗೆ ಕೊಂಡೊಯ್ಯುತ್ತದೆ. ನಮ್ಮ ಕಾರ್ಯಕರ್ತೆ ಅರ್ಧ ಗಂಟೆ ಕಥೆ ಓದಿ ಹೇಳುತ್ತಾರೆ. ಈ ವರ್ಷ 1,120 ಮಕ್ಕಳು ಇದರಲ್ಲಿದ್ದಾರೆ. ನಾಲ್ಕನೇ ತರಗತಿಯ 96 ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಜೂನ್‌ನಲ್ಲಿ 31 ಇದ್ದರು, ಫೆಬ್ರುವರಿಯಲ್ಲಿ 58 ಆದರು.
>
> ಬರುವ ಜೂನ್‌ನಿಂದ ಮಾರ್ಚ್‌ವರೆಗೆ ಇನ್ನೂ 6 ಶಾಲೆಗಳನ್ನು ಸೇರಿಸಲು ₹6 ಲಕ್ಷ ಬೇಕಿದೆ. ತಮ್ಮ ಸಿಎಸ್‌ಆರ್ ನೀತಿಯಲ್ಲಿ ನಂಜನಗೂಡಿನ ಸುತ್ತಲಿನ ಜಿಲ್ಲೆಗಳ ಪ್ರಾಥಮಿಕ ಶಿಕ್ಷಣಕ್ಕೆ ಆದ್ಯತೆ ಇರುವುದನ್ನು ನೋಡಿ ಬರೆಯುತ್ತಿದ್ದೇವೆ. ನಮ್ಮ ಸಿಎಸ್‌ಆರ್-1, 12ಎ, 80ಜಿ ನೋಂದಣಿ ಸಂಖ್ಯೆಗಳು, ಶಾಲೆಗಳ ಪಟ್ಟಿ ಮತ್ತು ಖರ್ಚಿನ ವಿವರ ಲಗತ್ತಿಸಿದ ಎರಡು ಪುಟಗಳಲ್ಲಿವೆ.
>
> ಮುಂದಿನ ವಾರ ಇಪ್ಪತ್ತು ನಿಮಿಷ ಫೋನ್‌ನಲ್ಲಿ ಮಾತನಾಡಲು ತಮಗೆ ಯಾವ ದಿನ ಅನುಕೂಲ?

ಪದಗಳನ್ನು ಎಣಿಸಿದರೆ ಇದು ಮೊದಲಿನದಕ್ಕಿಂತ ಉದ್ದ. ಆದರೂ ಬೇಗ ಓದಿಸಿಕೊಳ್ಳುತ್ತದೆ. ‘ತಮ್ಮ’, ‘ತಮಗೆ’ ಎಂಬ ಗೌರವದ ರೂಪಗಳು ಹಾಗೇ ಉಳಿದಿವೆ. ಅಲಂಕಾರ ತೆಗೆದದ್ದರಿಂದ ವಿನಯಕ್ಕೆ ಕೊರತೆಯಾಗಿಲ್ಲ. ಮೊದಲ ಓದಿನ ನಾಲ್ಕು ಪ್ರಶ್ನೆಗಳನ್ನು ಮತ್ತೆ ಕೇಳಿದರೆ ನಾಲ್ಕಕ್ಕೂ ಉತ್ತರವಿದೆ. ಕೊರತೆ ಇನ್ನೂ ಒಂದಿದೆ: ಅಧಿಕಾರಿಯ ಹೆಸರು. ‘ನಮಸ್ಕಾರ’ದ ಜೊತೆ ಹೆಸರು ಹಿಡಿದು ‘ಅವರಿಗೆ’ ಎಂದು ಸೇರಿಸಲು ಕಂಪನಿಗೆ ಒಂದು ಫೋನ್ ಕರೆ ಮಾಡಬೇಕಾದೀತು, ಮಾಡುವುದು ಒಳ್ಳೆಯದು.

ಪರಿಶೀಲಕರು ದಾಟಬಾರದ ಗೆರೆಯೊಂದು ಇಲ್ಲಿದೆ. ಬಿಟ್ಟುಹೋದ ಸಂಗತಿಯನ್ನು ತಾವೇ ಊಹಿಸಿ ತುಂಬಬಾರದು. ‘ಐದು ವರ್ಷ’, ‘1,120’, ‘31ರಿಂದ 58’ ಮೂರೂ ಲೇಖಕರ ದಾಖಲೆಯಿಂದಲೇ ಬರಬೇಕು. ಕಂಪನಿಯ ನೀತಿಯ ಬಗೆಗಿನ ವಾಕ್ಯವೂ ಆ ನೀತಿಯನ್ನು ನಿಜವಾಗಿ ಓದಿದ್ದರೆ ಮಾತ್ರ ಉಳಿಯಬೇಕು. ಆದ್ದರಿಂದ ಅಂಚಿನ ಟಿಪ್ಪಣಿಗಳು ತಿದ್ದಿದ ವಾಕ್ಯಗಳಿಗಿಂತ ಪ್ರಶ್ನೆಗಳಾಗಿದ್ದರೆ ಕ್ಷೇಮ: ‘ಎಷ್ಟು ವರ್ಷ?’, ‘ಯಾರು ಎಣಿಸಿದರು?’, ‘ಇದಕ್ಕೆ ಕಾಗದವಿದೆಯೇ?’ ಟಿಪ್ಪಣಿಗಳು ಇಪ್ಪತ್ತಾದರೆ ಲೇಖಕರು ಸುಲಭದವನ್ನು ತಿದ್ದಿ ಕಠಿಣದವನ್ನು ಬಿಟ್ಟುಬಿಡುತ್ತಾರೆ. ಈ ಕರಡಿಗಾದರೆ ಮೊತ್ತ ಎಲ್ಲಿ, ಶಾಲೆಯಲ್ಲಿ ನಡೆಯುವುದೇನು, ಶೇ 60 ಎಲ್ಲಿಂದ ಬಂತು ಎಂಬ ಮೂರನ್ನು ಮೊದಲ ಸುತ್ತಿಗೆ ಇಟ್ಟುಕೊಂಡು, ಪದಗಳ ಪರಿಷ್ಕಾರವನ್ನು ಎರಡನೆಯ ಸುತ್ತಿಗೆ ಬಿಡುವುದು ವಾಸಿ.

ಕಳಿಸುವ ಮುನ್ನ ಉಳಿಯುವುದು ಯಾಂತ್ರಿಕವಾದ ಕೆಲವು ಪರೀಕ್ಷೆಗಳು. ಟ್ರಸ್ಟ್‌ನ ಸ್ವಂತ ಜಾಲತಾಣವಿದ್ದರೆ ಇಮೇಲ್ ಆ ವಿಳಾಸದಿಂದಲೇ ಹೋಗಬೇಕು. ಬೇರೊಂದು ಹೆಸರಿನ ಖಾಸಗಿ ವಿಳಾಸ ಅನುಮಾನಕ್ಕೆ ದಾರಿ. ಕೊನೆಯಲ್ಲಿ ಬರೆದವರ ಹೆಸರು, ಹುದ್ದೆ, ಫೋನ್ ಸಂಖ್ಯೆ ಇರಬೇಕು. ಲಗತ್ತಿನ ಬದಲು ಗೂಗಲ್ ಡ್ರೈವ್‌ನ ಕೊಂಡಿ ಕೊಟ್ಟಿದ್ದರೆ ಅದನ್ನು ಟ್ರಸ್ಟ್‌ಗೆ ಸಂಬಂಧವಿಲ್ಲದವರ ಮೊಬೈಲಿನಲ್ಲಿ ತೆರೆದು ನೋಡಬೇಕು. ಬರೆದವರ ಪರದೆಯಲ್ಲಿ ಸಲೀಸಾಗಿ ತೆರೆಯುವ ಕಡತ, ಪಡೆದವರ ಪರದೆಯಲ್ಲಿ ‘ಅನುಮತಿ ಕೇಳಿ’ ಎಂದು ನಿಂತುಬಿಡುವುದು ಮತ್ತೆ ಮತ್ತೆ ನಡೆಯುವ ತಪ್ಪು, ಮತ್ತು ಅದು ಬರೆದವರಿಗೆ ಕಾಣುವುದೇ ಇಲ್ಲ.